ಸಾಕ್ಷ್ಯಚಿತ್ರದಲ್ಲಿ ಮಗುವನ್ನು ಮಾತಾಡಿಸಲು ತಾಯಿಯ ಸಹಿ ಸಾಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದ್ತಿದ್ದೀನಿ, ಕೊನೆ ಸೆಮಿಸ್ಟರ್. ರಸ್ತೆ ಗುಂಡಿ ತಪ್ಪಿಸೋಕೆ ಹೋಗಿ ಲಾರಿಗೆ ಸಿಕ್ಕಿ ತೀರಿಕೊಂಡ ಒಬ್ಬರ ಮನೆಯವರ ಬಗ್ಗೆ 15 ನಿಮಿಷದ ಸಾಕ್ಷ್ಯಚಿತ್ರ ಮಾಡ್ತಿದ್ದೀವಿ. ಹೆಂಡತಿ ಫಾರ್ಮಿಗೆ ಸಹಿ ಹಾಕಿದ್ದಾರೆ. 9 ವರ್ಷದ ಮಗ ಇದ್ದಾನೆ, ಅವತ್ತು ಅವನೂ ಬೈಕಲ್ಲಿದ್ದ. ಅವನ ಮಾತು ಚಿತ್ರಕ್ಕೆ ಬೇಕೇ ಬೇಕು. ತಾಯಿ ಸಹಿ ಸಾಕಾ? ಹೇಗೆ ಕೇಳಬೇಕು?

ಸಾಲದು. ‘ಅವತ್ತು ಅವನೂ ಬೈಕಲ್ಲಿದ್ದ’ ಅಂತ ನೀವು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಎಲ್ಲಾ ನಿಂತಿರುವುದು ಆ ಮಾತಿನ ಮೇಲೆಯೇ. ಲಾರಿ ಚಾಲಕನ ಮೇಲೆ ಕೇಸು ದಾಖಲಾಗಿದ್ದರೆ ಆ ಹುಡುಗ ಅದರಲ್ಲಿ ಕಣ್ಣಾರೆ ಕಂಡ ಸಾಕ್ಷಿ. ಪೆಟ್ಟಾಗಿದ್ದರೆ ಸಂತ್ರಸ್ತನೂ ಹೌದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಬಗ್ಗೆಯೇ ಇದೆ. ತನಿಖೆ ಅಥವಾ ಕೋರ್ಟಿನ ವಿಚಾರಣೆ ಬಗ್ಗೆ ಏನೇ ವರದಿ ಮಾಡಿದರೂ, ಅಪರಾಧದಿಂದ ತೊಂದರೆಗೊಳಗಾದ ಅಥವಾ ಅದನ್ನು ಕಂಡ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಹತ್ತುವಂಥ ಬೇರೆ ಯಾವ ವಿವರವನ್ನೂ ಹೊರಗೆ ಹಾಕುವಂತಿಲ್ಲ. ದೃಶ್ಯ ಮಾಧ್ಯಮಕ್ಕೂ ಇದು ಅನ್ವಯಿಸುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು, ಇಲ್ಲ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಡಿಲಿಕೆ ಕೊಡಬಹುದಾದದ್ದು ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿ ಅಥವಾ ಮಕ್ಕಳ ಕಲ್ಯಾಣ ಸಮಿತಿ ಮಾತ್ರ. ಅದೂ ಮಗುವಿನ ಹಿತಕ್ಕಾಗಿ, ಲಿಖಿತ ಕಾರಣ ಕೊಟ್ಟು. ತಾಯಿ ಸಹಿಯಿಂದ ಇದು ಸಡಿಲ ಆಗುವುದಿಲ್ಲ.

ಮುಖ ಬ್ಲರ್ ಮಾಡ್ತೀವಿ ಅಂತ ಯೋಚಿಸ್ತಿರಬಹುದು. ತಾಯಿ ಮುಖ ತೋರಿಸಿ, ಬಡಾವಣೆ ಹೆಸರು ಹೇಳಿ, ಮಗನ ಮುಖ ಮಾತ್ರ ಮಸುಕು ಮಾಡಿದರೆ ಅವನ ಶಾಲೆಯ ಪ್ರತಿ ಮಗುವಿಗೂ ಅದು ಯಾರು ಅಂತ ಗೊತ್ತಾಗುತ್ತದೆ. ದನಿ, ಯೂನಿಫಾರ್ಮಿನ ಬಣ್ಣ, ಮನೆ ಮುಂದಿನ ಗೇಟು, ಗೋಡೆ ಮೇಲಿನ ಶಾಲೆಯ ಗ್ರೂಪ್ ಫೋಟೋ, ಇಷ್ಟು ಸಾಕು. ಹಾಗಾಗಿ ತಾಯಿ ಗುರುತು ತೋರಿಸುವುದಾದರೆ ಮಗ ಚಿತ್ರದಲ್ಲಿ ಇರಲೇಬಾರದು. ‘ನನ್ನ ಮಗ ಹಿಂದೆ ಕೂತಿದ್ದ’ ಎಂಬ ಅವರ ಮಾತು ಕೂಡ ಎಡಿಟ್‌ನಲ್ಲಿ ಹೋಗಬೇಕು.

ಕಾನೂನು ಪಕ್ಕಕ್ಕಿಡಿ, ಅವನನ್ನು ಕೇಳಬಾರದು ಅನ್ನೋಕೆ ಇನ್ನೊಂದು ಕಾರಣ ಇದೆ, ಮತ್ತು ನನಗೆ ಅದೇ ದೊಡ್ಡದು. ಈ ವಯಸ್ಸಿನ ಮಕ್ಕಳು ದೊಡ್ಡವರ ಪ್ರಶ್ನೆಯೊಳಗೆ ಇರುವ ಉತ್ತರವನ್ನು ಬೇಗ ಎತ್ತಿಕೊಳ್ಳುತ್ತಾರೆ. ‘ಲಾರಿ ತುಂಬಾ ಜೋರಾಗಿ ಬಂತಾ ಪುಟ್ಟಾ?’ ಅಂತ ನೀವು ಪ್ರೀತಿಯಿಂದಲೇ ಕೇಳುತ್ತೀರಿ. ಅವನು ಹೂಂ ಅನ್ನುತ್ತಾನೆ. ಮುಂದೆ ಕೋರ್ಟಿನಲ್ಲಿ ಅದನ್ನೇ ಹೇಳುತ್ತಾನೆ, ತಾನೇ ನೋಡಿದ್ದು ಅಂತ ನಂಬಿಕೊಂಡೇ ಹೇಳುತ್ತಾನೆ. ಆಗ ಎದುರು ವಕೀಲರು ಹುಡುಗನಿಗೆ ಹೇಳಿಕೊಟ್ಟಿದ್ದಾರೆ ಅಂತ ವಾದ ಮಾಡುತ್ತಾರೆ, ನಿಮ್ಮ ಹಾರ್ಡ್ ಡಿಸ್ಕಿನಲ್ಲಿರುವ ರೆಕಾರ್ಡಿಂಗನ್ನು ಕೋರ್ಟಿಗೆ ತರಿಸಲೂಬಹುದು. ಕ್ಯಾಮೆರಾ ಇಲ್ಲದೆ ಸುಮ್ನೆ ಕೇಳಿದರೂ ಅಷ್ಟೇ. ಅಪಘಾತದ ಬಗ್ಗೆ ಅವನ ಹತ್ತಿರ ಒಂದು ಪ್ರಶ್ನೆಯೂ ಬೇಡ.

ತಾಯಿಯ ವಿಷಯದಲ್ಲೂ ಹೀಗೊಂದು ಅಪಾಯ ಇದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅವರ ಅರ್ಜಿ ಇದ್ದರೆ, ‘ಅವ್ರು ಯಾವಾಗ್ಲೂ ಸ್ವಲ್ಪ ಸ್ಪೀಡು’, ‘ಅವತ್ತು ಹೆಲ್ಮೆಟ್ ಮರೆತಿದ್ರು’ ಅಂತ ದುಃಖದಲ್ಲಿ ಬಂದ ಮಾತು ಇನ್ಶೂರೆನ್ಸ್ ಕಂಪನಿಯ ವಕೀಲರ ಕೈಗೆ ಸಿಗಬಹುದು. ಸವಾರನದೂ ತಪ್ಪಿತ್ತು ಅಂತ ತೀರ್ಮಾನವಾದರೆ ಪರಿಹಾರದ ಮೊತ್ತ ಕಡಿಮೆ ಆಗುತ್ತದೆ. ಆದ್ದರಿಂದ ಶೂಟಿಗೆ ಮುಂಚೆ ಅವರ ವಕೀಲರಿಗೆ ಒಂದು ಫೋನ್ ಮಾಡಿಸಿ. ಇದನ್ನು ಅವರಿಗೆ ತಿಳಿಸದೆ ತೆಗೆದುಕೊಂಡ ಒಪ್ಪಿಗೆ ತಿಳಿದು ಕೊಟ್ಟ ಒಪ್ಪಿಗೆ ಹೇಗಾಗುತ್ತದೆ?

ಈಗ ಸಹಿಯ ವಿಷಯ. ನಾನು ಮಾರ್ಗದರ್ಶನ ಮಾಡಿದ ಒಂದು ವಿದ್ಯಾರ್ಥಿ ತಂಡದ ಚಿತ್ರ ಹೇಳ್ತೀನಿ. ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು ತೀರಿಕೊಂಡ ಒಬ್ಬರ ಮನೆ. ಹೆಂಡತಿ, 10 ವರ್ಷದ ಮಗಳು. ಮಗಳು ಘಟನೆ ನೋಡಿರಲಿಲ್ಲ, ಅದಕ್ಕೇ ಅಲ್ಲಿ ಅವಳನ್ನು ಮಾತಾಡಿಸುವ ಯೋಚನೆಗೆ ಜಾಗ ಇತ್ತು. ಊರಿನ ಹನ್ನೊಂದನೇ ದಿನದ ಕಾರ್ಯ ಎಲ್ಲಾ ಮುಗಿದು, ಅವರು ವಾಪಸ್ ಬಂದು ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆಯೇ ತಂಡದವರು ಹೋಗಿದ್ದು, ಅದೂ ಕ್ಯಾಮೆರಾ ಇಲ್ಲದೆ. ಕೋಣೆಯಲ್ಲಿ ಮೈದುನ ಇದ್ದರು, ಪಕ್ಕದ ಮನೆಯವರಿದ್ದರು. ಮಾತೆಲ್ಲಾ ಮೈದುನನದ್ದೇ: ‘ತೆಗೀರಿ ಸಾರ್, ನಾಲ್ಕು ಜನಕ್ಕೆ ಗೊತ್ತಾಗ್ಲಿ.’ ಆ ಹೆಂಗಸು ಹೇಳಿದ್ದು ಒಂದೇ: ‘ನೀವು ಹೇಗೆ ಹೇಳ್ತೀರೋ ಹಾಗೆ ಮೇಡಂ.’ ನಮ್ಮ ಕಡೆ ಮನೆಗೆ ಬಂದವರಿಗೆ ಮುಖಕ್ಕೆ ಹೊಡೆದಂತೆ ಆಗಲ್ಲ ಅನ್ನುವವರು ಕಡಿಮೆ, ಅದರಲ್ಲೂ ಇಂಗ್ಲಿಷ್ ಮಾತಾಡುವ ಕಾಲೇಜು ಹುಡುಗರಿಗೆ. ಈ ಮಾತನ್ನು ಒಪ್ಪಿಗೆ ಅಂತ ಲೆಕ್ಕಕ್ಕೆ ತಗೋಬೇಡಿ.

ಮತ್ತೊಂದು ದಿನ ತಂಡದ ಒಬ್ಬ ಹುಡುಗಿ ಮಾತ್ರ ಹೋಗಿ, ಅಡುಗೆಮನೆಯಲ್ಲಿ ಅವರ ಜೊತೆ ಕೂತಳು. ಶೂಟ್ ಮಾಡಬಹುದಾ ಅಂತ ಕೇಳಲಿಲ್ಲ. ‘ಈ ಚಿತ್ರದಲ್ಲಿ ಏನು ಬರೋದು ನಿಮಗೆ ಬೇಡ?’ ಅಂತ ಕೇಳಿದಳು. ಆಗ ಮಾತು ಬಂತು. ಹಾರ ಹಾಕಿದ ಫೋಟೋ ಬೇಡ. ಊರಲ್ಲಿ ಅತ್ತೆ ಕಡೆಯವರು ಮೊಬೈಲಲ್ಲಿ ನೋಡೋದು ಬೇಡ. ಆಮೇಲೆ ಅವರೇ ಕೇಳಿದರು: ‘ಇದನ್ನ ನೋಡಿದ್ರೆ ಕಂಟ್ರಾಕ್ಟರ್ ದುಡ್ಡು ಕೊಡ್ತಾರಾ?’ ಕೊಡಲ್ಲ, ಈ ಚಿತ್ರದಿಂದ ನಿಮಗೆ ದುಡ್ಡು ಬರೋ ಭರವಸೆ ನಾವು ಕೊಡೋಕಾಗಲ್ಲ ಅಂತ ಅವಳು ಸ್ಪಷ್ಟವಾಗಿ ಹೇಳಿದಳು. ಇದನ್ನು ಹೇಳೋದು ಕಷ್ಟ, ಆದರೆ ಆ ಆಸೆಯ ಮೇಲೆ ನಿಂತ ಒಪ್ಪಿಗೆ ಚಿತ್ರ ಮುಗಿದ ಮೇಲೆ ಮುರಿಯುತ್ತದೆ.

ಫಾರ್ಮ್ ಬರೆದದ್ದು ಇದೆಲ್ಲಾ ಆದ ಮೇಲೆ. ಕನ್ನಡದಲ್ಲಿ, ಒಂದೇ ಪುಟ, ಓದಿ ಹೇಳಿ, ಓದಿದ್ದನ್ನು ರೆಕಾರ್ಡ್ ಮಾಡಿ. ಕಾಲೇಜಿನ ಪ್ರದರ್ಶನ, ಫೆಸ್ಟಿವಲ್, ಯೂಟ್ಯೂಬ್, ಮೂರಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ಹೂಂ ಅಥವಾ ಬೇಡ. ಅವರು ಕಾಲೇಜಿಗೆ ಹೂಂ ಅಂದರು, ಯೂಟ್ಯೂಬ್‌ಗೆ ಬೇಡ ಅಂದರು. ಆನ್‌ಲೈನ್ ಹೋದದ್ದನ್ನು ಯಾರಾದರೂ ಇಳಿಸಿಕೊಂಡು ತುಂಡು ಮಾಡಿ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದರೆ ನೀವೂ ವಾಪಸ್ ತರಲಾರಿರಿ, ಇದನ್ನು ಬಾಯಿಬಿಟ್ಟು ಹೇಳಬೇಕು. ಎಡಿಟ್ ಅಂತಿಮವಾಗುವ ದಿನದವರೆಗೆ ಹಿಂದೆ ಸರಿಯಬಹುದು ಅಂತ ಒಂದು ತಾರೀಖು ಹಾಕಿ, ಫಾರ್ಮಿನ ಒಂದು ಪ್ರತಿ ಅವರಿಗೆ ಕೊಡಿ. ಕೊನೆಗೆ ‘ಈಗ ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ಒಂದ್ಸಲ ಹೇಳಿ’ ಅಂತ ಕೇಳಿ. ಅರ್ಥವಾಗಿದೆಯಾ ಇಲ್ಲವಾ ಅಲ್ಲೇ ತಿಳಿಯುತ್ತದೆ.

ಮಗಳ ಹತ್ತಿರ ಹೋಗುವ ಮುಂಚೆ ತಾಯಿಯನ್ನು ಕೇಳಬೇಕಾದ್ದು ಒಂದಿತ್ತು: ಅವಳಿಗೆ ಏನು ಹೇಳಿದ್ದೀರಿ, ಯಾವ ಮಾತಲ್ಲಿ ಹೇಳಿದ್ದೀರಿ? ಕೆಲವು ಮನೆಗಳಲ್ಲಿ ‘ಅಪ್ಪ ದೇವರ ಹತ್ತಿರ ಹೋಗಿದ್ದಾರೆ’ ಅಂತ ಹೇಳಿ ಬಿಟ್ಟಿರುತ್ತಾರೆ, ಮಗು ವಾಪಸ್ ಬರ್ತಾರೆ ಅಂತ ಕಾಯ್ತಾ ಇರುತ್ತದೆ. ಅಂಥ ಕಡೆ ನಿಮ್ಮ ಒಂದು ಪ್ರಶ್ನೆಯಿಂದ ಅದಕ್ಕೆ ಸಾವು ಗೊತ್ತಾಗಬಾರದು. ಈ ಹುಡುಗಿಗೆ ಅಪ್ಪ ಬಿದ್ದು ತೀರಿಕೊಂಡರು ಅಂತ ಗೊತ್ತಿತ್ತು, ಆಸ್ಪತ್ರೆಗೆ ಸಾಗಿಸಲು ತಡವಾದದ್ದು ಗೊತ್ತಿರಲಿಲ್ಲ. ಹೇಳೋದು ಬೇಡ ಅಂದರು ತಾಯಿ. ಪ್ರಶ್ನೆಗಳನ್ನೆಲ್ಲಾ ತಂಡದವರು ತಾಯಿಗೆ ಮೊದಲೇ ಓದಿ ಹೇಳಿದರು.

ತಾಯಿ ಒಪ್ಪಿದ ಮೇಲೂ ಮಗಳನ್ನು ಬೇರೆಯಾಗಿ ಕೇಳಿದರು. ಬೇಡ ಅಂದರೆ ಅಮ್ಮನೂ ಬಯ್ಯಲ್ಲ, ನಾವೂ ಬೇಜಾರು ಮಾಡ್ಕೊಳ್ಳಲ್ಲ ಅಂತ ಅಮ್ಮನ ಎದುರಿಗೇ ಹೇಳಿದರು. ಆಮೇಲೆ ಅವಳು ‘ಸ್ಟಾಪ್’ ಅಂದಾಗ ಕ್ಯಾಮೆರಾ ಆಫ್ ಮಾಡುವುದನ್ನು ಅಭ್ಯಾಸ ಮಾಡಿದರು. ಬೆಳಿಗ್ಗೆ ತಿಂದ ಚಿತ್ರಾನ್ನದ ಬಗ್ಗೆ ಮಾತಾಡ್ತಾ ಇದ್ದಾಗ ಅವಳು ಸುಮ್ನೆ ಪರೀಕ್ಷೆಗೆ ಸ್ಟಾಪ್ ಅಂದಳು, ಕ್ಯಾಮೆರಾ ಹಿಡಿದ ಹುಡುಗ ನಿಜವಾಗಿಯೂ ಆಫ್ ಮಾಡಿ ಕೆಂಪು ದೀಪ ಹೋಗಿದ್ದನ್ನು ತೋರಿಸಿದ. ಅವಳಿಗೆ ಖುಷಿಯಾಯಿತು, ಮತ್ತೊಮ್ಮೆ ಅಂದಳು. ಇದನ್ನು ಮಾಡದೆ ‘ಬೇಡ ಅನ್ಸಿದ್ರೆ ಹೇಳು’ ಅಂದರೆ ಮಕ್ಕಳು ಹೇಳುವುದಿಲ್ಲ, ದೊಡ್ಡವರು ನಿಜವಾಗಿ ನಿಲ್ಲಿಸುತ್ತಾರೆ ಅಂತ ಅವರಿಗೆ ನಂಬಿಕೆ ಇರುವುದಿಲ್ಲ.

ಕೇಳಿದ್ದು, ‘ಭಾನುವಾರ ಅಪ್ಪ ಮನೇಲಿದ್ರೆ ಏನ್ಮಾಡ್ತಿದ್ರಿ?’ ಅವಳು ಎದ್ದುಹೋಗಿ ಅಪ್ಪನ ಚೀಲದಿಂದ ರಸಮಟ್ಟ ತಂದಳು. ಅದನ್ನು ಟಿವಿ ಸ್ಟ್ಯಾಂಡಿನ ಮೇಲಿಟ್ಟು, ಗುಳ್ಳೆ ನಡುವೆ ನಿಂತರೆ ಸರಿ, ಇಲ್ಲಾಂದ್ರೆ ಓರೆ ಅಂತ ತೋರಿಸಿದಳು. ‘ಅಪ್ಪ ಸತ್ತಾಗ ನಿನಗೆ ಹೇಗನ್ನಿಸ್ತು?’ ಅಂತ ಕೇಳಿದ್ದರೆ ಇದು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಲಂಗದ ಅಂಚು ತಿರುಚುತ್ತಾ ‘ಗೊತ್ತಿಲ್ಲ’ ಅನ್ನತೊಡಗಿದಳು, ಕಣ್ಣು ಅಮ್ಮನ ಕಡೆ. ಸ್ಟಾಪ್ ಅನ್ನಲಿಲ್ಲ, ಆದರೂ ಅವರು ನಿಲ್ಲಿಸಿದರು. ಇನ್ನೂ ಪ್ರಶ್ನೆ ಇತ್ತು, ಬಿಟ್ಟರು.

ನಿಮ್ಮ ಚಿತ್ರದಲ್ಲಿ ಇದೇ ಎಚ್ಚರವನ್ನು ತಾಯಿಯ ಮೇಲೆ ಇಡಿ. ಅವರು ಅಳಲು ಶುರು ಮಾಡಿದರೆ ಝೂಮ್ ಬೇಡ ಅಂತ ಕ್ಯಾಮೆರಾದವರ ಜೊತೆ ಮೊದಲೇ ಮಾತಾಗಿರಲಿ. ತಕ್ಷಣ ಸಮಾಧಾನದ ಮಾತೂ ಬೇಡ, ಸ್ವಲ್ಪ ಸುಮ್ಮನಿದ್ದು ‘ನಿಲ್ಸೋಣ್ವಾ?’ ಅಂತ ಕೇಳಿ. ಕೊನೆಯ ಪ್ರಶ್ನೆ ಸಾವಿನ ಬಗ್ಗೆ ಇರಬಾರದು, ಇವತ್ತಿನ ಕೆಲಸ, ಮನೆ ಇಂಥದ್ದಿರಲಿ, ಆ ಭಾಗ ಚಿತ್ರಕ್ಕೆ ಬಾರದಿದ್ದರೂ ಪರವಾಗಿಲ್ಲ. ಕ್ಯಾಮೆರಾ ಒಳಗಿಟ್ಟ ಮೇಲೆ ಕೂತು ಕಾಫಿ ಕುಡಿದು ಬನ್ನಿ, ಮಾರನೇ ದಿನ ಫೋನ್ ಮಾಡಿ. ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಎಂಬಂಥ ಮಾತು ಬಂದರೆ ನೀವೇ ಕೌನ್ಸೆಲಿಂಗ್ ಮಾಡಲು ಹೋಗಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿನ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098.

ರಫ್ ಕಟ್ ಆದ ಮೇಲೆ ಕಾಲೇಜಿಗಿಂತ ಮೊದಲು ಅವರಿಗೆ ತೋರಿಸಿ, ಮೈದುನ, ಅತ್ತೆ ಇಲ್ಲದ ಹೊತ್ತು ನೋಡಿಕೊಂಡು. ಆಗ ತೆಗೀರಿ ಅಂದದ್ದನ್ನು ತೆಗೀರಿ. ಮಗನನ್ನು ಆಗಲೇ ಶೂಟ್ ಮಾಡಿದ್ದರೆ ಅದನ್ನು ತಂಡದ ವಾಟ್ಸಾಪ್ ಗ್ರೂಪು, ಗೂಗಲ್ ಡ್ರೈವ್ ಎಲ್ಲಾ ಕಡೆಯಿಂದ ಇವತ್ತೇ ತೆಗೆಯಿರಿ. ಆದರೆ ಅಪಘಾತದ ಬಗ್ಗೆ ಅವನು ಏನಾದರೂ ಹೇಳಿದ್ದರೆ ಮೂಲ ಕಾರ್ಡನ್ನು ಅಳಿಸುವ ಮುಂಚೆ ತಾಯಿಯ ವಕೀಲರನ್ನು ಒಮ್ಮೆ ಕೇಳಿ. ಮಗನ ಭಾಗ ಇಲ್ಲದೆ ಚಿತ್ರ 15 ನಿಮಿಷಕ್ಕೆ ಬರದಿದ್ದರೆ 11 ನಿಮಿಷದ ಚಿತ್ರ ಸಲ್ಲಿಸುತ್ತೇವೆ ಅಂತ ನಿಮ್ಮ ಗೈಡ್‌ಗೆ ಈ ವಾರವೇ ಹೇಳಿ, 74ನೇ ಸೆಕ್ಷನ್ನಿನ ಪ್ರಿಂಟ್ ಕೈಯಲ್ಲಿಟ್ಟುಕೊಂಡು ಹೋಗಿ.