ರಟ್ಟು ಚಲಿಸಲಿ, ಅಕ್ಷ ಚಲಿಸಬಾರದು

"ಮೊದಲ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಸಮಬಾಹು ತ್ರಿಭುಜದ ಸಮಮಿತಿಗಳ ಮೂಲಕ ಗ್ರೂಪ್ ಪರಿಚಯಿಸುವ ಎರಡು ಪುಟದ ಹ್ಯಾಂಡ್‌ಔಟ್ ಬರೆಯುತ್ತಿದ್ದೇನೆ. ನಾಲ್ಕು ನಿಯಮಗಳನ್ನು ಮೊದಲು ಕೊಡಲೇ, ಕೋಷ್ಟಕವನ್ನು ಮೊದಲು ಕೊಡಲೇ?"

ಇದೇ ಗೊಂದಲದಲ್ಲಿ ನಾನೂ ಒಂದು ವಾರ ಕಳೆದಿದ್ದೆ. ಕೊನೆಗೆ, ಯಾವ ಚಲನೆಯ ನಂತರ ಯಾವುದನ್ನು ಮಾಡಿದರೆ ಏನು ಬರುತ್ತದೆ ಎಂದು ತೋರಿಸುವ ಕೋಷ್ಟಕವೇ ಮೊದಲಿರಲಿ ಎಂದು ತೀರ್ಮಾನಿಸಿದೆ. ಆದರೆ ನನ್ನ ಹಾಳೆ ಕೆಟ್ಟದ್ದು ಆ ತೀರ್ಮಾನದಿಂದಲ್ಲ, ಅದರಲ್ಲಿದ್ದ ಒಂದೇ ಒಂದು ಸಾಲಿನಿಂದ. ಹಾಗಾಗಿ ಯಾವುದು ಮೊದಲು ಎಂಬ ಚಿಂತೆಯನ್ನು ಬಿಟ್ಟು ಆ ಸಾಲನ್ನು ನೋಡಿಕೊಳ್ಳಿ.

ತರಗತಿಯಲ್ಲಿ ಎಲ್ಲರೂ ರಟ್ಟಿನ ತ್ರಿಭುಜ ಕತ್ತರಿಸಿ, ಮೂಲೆಗಳಿಗೆ ಅ, ಬ, ಕ ಎಂದು ಎರಡೂ ಬದಿಯಲ್ಲಿ ಬರೆದುಕೊಂಡಿದ್ದರು. ಆರಂಭದಲ್ಲಿ ಅ ಮೇಲೆ, ಬ ಎಡಕ್ಕೆ, ಕ ಬಲಕ್ಕೆ. ಇದೇ ಕ್ರಮದಲ್ಲಿ ಓದಿದರೆ "ಅ ಬ ಕ". ಎಡಸುತ್ತಿನಲ್ಲಿ 120 ಡಿಗ್ರಿ ತಿರುಗಿಸುವುದಕ್ಕೆ r ಎಂದು ಹೆಸರಿಟ್ಟೆ. s ಎಂದರೇನು ಎಂಬಲ್ಲಿ "ಅ ಮೂಲಕ ಹಾದುಹೋಗುವ ರೇಖೆಯ ಮೇಲೆ ಮಗುಚುವುದು" ಎಂದು ಬರೆದೆ. ತಪ್ಪಾದದ್ದು ಇಲ್ಲೇ.

ನನ್ನ ಮನಸ್ಸಿನಲ್ಲಿದ್ದದ್ದು ಮೇಜಿನ ಮೇಲೆ ನೆಟ್ಟಗೆ ನಿಂತ, ಕದಲದ ರೇಖೆ. ಮೊದಲು r, ನಂತರ s ಮಾಡಿ ನೋಡಿ. r ಆದ ಮೇಲೆ "ಕ ಅ ಬ". ನೆಟ್ಟಗಿನ ರೇಖೆಯ ಮೇಲೆ ಮಗುಚಿದರೆ ಎಡ-ಬಲ ಅದಲುಬದಲಾಗಿ "ಕ ಬ ಅ" ಬರುತ್ತದೆ. ಈಗ ಮೊದಲು s, ನಂತರ r: "ಅ ಕ ಬ", ಅದರಿಂದ "ಬ ಅ ಕ". ಎರಡೂ ಬೇರೆ ಬೇರೆ. ಕ್ರಮ ಬದಲಾದರೆ ಫಲ ಬದಲಾಗುತ್ತದೆ ಎಂಬುದನ್ನು ಕೈಯಾರೆ ಕಾಣಿಸಲೆಂದೇ ನಾವು ಈ ತ್ರಿಭುಜವನ್ನು ಹಿಡಿದು ಕೂರುವುದು.

ಅರ್ಧದಷ್ಟು ವಿದ್ಯಾರ್ಥಿಗಳು ನಾನು ಬರೆದದ್ದನ್ನು ಬರೆದಂತೆಯೇ ಓದಿದರು. r ಆದ ಮೇಲೆ ಅ ಎಡಮೂಲೆಗೆ ಬಂದಿದೆ, ಆದ್ದರಿಂದ ಅ ಮೂಲಕ ಹೋಗುವ ರೇಖೆಯೂ ಈಗ ಎಡಮೂಲೆಯದು. ಅದರ ಮೇಲೆ ಮಗುಚಿದರು, "ಬ ಅ ಕ" ಬಂತು. ತಿರುಗಿಸುವಾಗ ಮಾತ್ರ ತಮ್ಮ ಕಣ್ಣಿಗೆ ಕಾಣುವ ಎಡಸುತ್ತನ್ನೇ ಬಳಸಿದರು, ಆದ್ದರಿಂದ ಮೊದಲು s, ನಂತರ r ಮಾಡಿದಾಗಲೂ "ಬ ಅ ಕ" ಬಂತು. r ಮತ್ತು s ಪರಿವರ್ತನೀಯ ಎಂದು ಬರೆದುಕೊಂಡರು.

ಅಕ್ಷ ಮತ್ತು ಸುತ್ತಿನ ದಿಕ್ಕು ಎರಡನ್ನೂ ರಟ್ಟಿಗೇ ಅಂಟಿಸಿದ್ದರೆ ಹಾನಿಯಿರಲಿಲ್ಲ. ಆಗ ಎಲ್ಲ ಗುಣಲಬ್ಧಗಳ ಕ್ರಮ ತಿರುವುಮುರುವಾಗುತ್ತದೆ, ಅಷ್ಟೆ. ಅದೂ ಗ್ರೂಪೇ. ಒಂದನ್ನು ರಟ್ಟಿಗೆ, ಇನ್ನೊಂದನ್ನು ಮೇಜಿಗೆ ಅಂಟಿಸಿದ್ದು ಕೆಡಿಸಿತು.

ನನಗೆ ಇದು ಎರಡು ತರಗತಿ ಕಳೆದರೂ ತಿಳಿಯಲಿಲ್ಲ. ಏಕೆಂದರೆ ಅವರ ಕೋಷ್ಟಕ ನೋಡಲು ಅಚ್ಚುಕಟ್ಟಾಗಿತ್ತು: ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನಲ್ಲಿ ಆರೂ ಚಲನೆಗಳು ಒಂದೊಂದೇ ಬಾರಿ, ಏನೂ ಮಾಡದಿರುವ e ತನ್ನ ಜಾಗದಲ್ಲಿ, ಎಲ್ಲಕ್ಕೂ ವಿಲೋಮ. ನಾನು ಟಿಕ್ ಹಾಕಿ ಹಿಂದಿರುಗಿಸಿದೆ. ಆಮೇಲೆ ಒಬ್ಬಳು ಹುಡುಗಿ ಬಂದು ಕೇಳಿದಳು: "ಸರ್, r ನಂತರ s ಮಾಡಿದರೆ ಬರುವುದು ಒಂದು ಮಗುಚುವಿಕೆ. ಅದನ್ನು ಎರಡು ಬಾರಿ ಮಾಡಿದರೆ e. ಆದರೆ r, s ಪರಿವರ್ತನೀಯವಾದರೆ r, s, r, s ಎಂಬುದನ್ನು r, r, s, s ಎಂದು ಜೋಡಿಸಬಹುದಲ್ಲವೇ? ಆಗ r² ಬರುತ್ತದೆ."

ಅವಳ ಕೋಷ್ಟಕವನ್ನೇ ಹಿಡಿದು s, r, s ಮೂರನ್ನೂ ಗುಂಪಿಸಿ ನೋಡಿದೆವು. ಮೊದಲ ಎರಡನ್ನು ಸೇರಿಸಿ ನಂತರ s ಮಾಡಿದರೆ r ಬಂತು. ಕೊನೆಯ ಎರಡನ್ನು ಮೊದಲೇ ಸೇರಿಸಿಟ್ಟುಕೊಂಡು s ನಂತರ ಅದನ್ನು ಮಾಡಿದರೆ r² ಬಂತು. ಹೇಗೆ ಗುಂಪಿಸಿದರೂ ಫಲ ಒಂದೇ ಇರಬೇಕು ಎಂಬ ನಿಯಮ, ಸಹವರ್ತನೀಯತೆಯೇ ಮುರಿದಿತ್ತು. ಅದು ಗ್ರೂಪೇ ಅಲ್ಲ. ಟಿಕ್ ಹಾಕಿದ ಹಾಳೆಗಳನ್ನೆಲ್ಲ ವಾಪಸು ಕೇಳಿ ಪಡೆದೆ.

ನೀವು ಹೀಗೆ ಮಾಡಿ. ಹಾಳೆಯ ಮೇಲೆಯೇ ತ್ರಿಭುಜದ ಹೊರರೇಖೆ ಮುದ್ರಿಸಿ, ಮೂಲೆಗಳ ಹೊರಗೆ 1, 2, 3 ಎಂದು ಸ್ಥಾನಗಳನ್ನು ಬರೆಯಿರಿ. ಮೂರು ಅಕ್ಷಗಳನ್ನು ರಟ್ಟಿನ ಅಂಚು ದಾಟುವಷ್ಟು ಉದ್ದ ಎಳೆದು, ಸ್ಥಾನದ ಸಂಖ್ಯೆಯಿಂದಲೇ ಹೆಸರಿಸಿ: s₁, s₂, s₃. ಅಕ್ಷರಗಳು ರಟ್ಟಿನ ಮೇಲೆ ಮಾತ್ರ ಇರಲಿ, ಯಾವ ಚಲನೆಯ ವಿವರಣೆಯಲ್ಲೂ ಅಕ್ಷರ ಬರಕೂಡದು. rs ಎಂದು ಬರೆದಾಗ ಯಾವುದು ಮೊದಲು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ನಿಯಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮೊದಲ ದಿನ ಕೊಡಬೇಡಿ. ಎರಡನೆಯ ದಿನ ಸರಿಯಾದ ಕೋಷ್ಟಕದ ಪಕ್ಕದಲ್ಲಿ ಈ ಕೆಟ್ಟ ಕೋಷ್ಟಕವನ್ನೂ ಕೊಟ್ಟು, ಎರಡರಲ್ಲೂ s₁, r, s₁ ಅನ್ನು ಎರಡು ಬಗೆಯಲ್ಲಿ ಗುಂಪಿಸಿ ನೋಡಲು ಹೇಳಿ.