ಟ್ರೀ ಡಯಾಗ್ರಾಂನಲ್ಲಿ ಯಾವಾಗ ಗುಣಿಸಬೇಕು, ಯಾವಾಗ ಕೂಡಬೇಕು?

ಪ್ರಶ್ನೆ: ಸಂಭವನೀಯತೆ ಲೆಕ್ಕದಲ್ಲಿ ಟ್ರೀ ಡಯಾಗ್ರಾಂ ಬಿಡಿಸೋಕೆ ಬರುತ್ತೆ. ಆದರೆ ಆಮೇಲೆ ಗುಣಿಸಬೇಕೋ ಕೂಡಬೇಕೋ ಗೊತ್ತಾಗಲ್ಲ. ಪರೀಕ್ಷೆಯಲ್ಲಿ ‘ಕನಿಷ್ಠ ಒಂದು’ ಅಂತ ಕೇಳಿದರಂತೂ ತಲೆ ಓಡೋದೇ ಇಲ್ಲ. ಯಾರಾದರೂ ಅರ್ಥವಾಗೋ ಹಾಗೆ ಹೇಳ್ತೀರಾ?

ಉತ್ತರ:

ನಾನು ಗಣಿತ ಪಾಠ ಮಾಡುವವನು. ಒಂದೇ ಒಂದು ಲೆಕ್ಕ ಹಿಡಿದುಕೊಂಡು ಪೂರ್ತಿ ಹೇಳುತ್ತೇನೆ. ಪೆನ್ನು, ಹಾಳೆ ತಗೊಂಡು ಜೊತೆಜೊತೆಗೇ ಬಿಡಿಸಿ, ಸುಮ್ನೆ ಓದಿದರೆ ಇದು ಕೈಗೆ ಹತ್ತುವುದಿಲ್ಲ.

ಒಂದು ಚೀಲದಲ್ಲಿ 5 ಕೆಂಪು ಚೆಂಡು, 3 ನೀಲಿ ಚೆಂಡು ಇವೆ. ನೋಡದೆ ಒಂದು ಚೆಂಡು ತೆಗೆಯುತ್ತೀರಿ, ವಾಪಸ್ ಹಾಕುವುದಿಲ್ಲ. ಆಮೇಲೆ ಇನ್ನೊಂದು ತೆಗೆಯುತ್ತೀರಿ.

ಮೊದಲ ಕವಲು ಸುಲಭ. ಕೆಂಪು 5/8, ನೀಲಿ 3/8. ಎರಡನೇ ಸಲಕ್ಕೆ ಬಂದಾಗ ಚೀಲದಲ್ಲಿ ಉಳಿದಿರುವುದು 7 ಚೆಂಡು. ಹಾಗಾಗಿ ಛೇದ 7 ಆಗುತ್ತದೆ. ಮೊದಲು ಕೆಂಪು ಬಂದಿದ್ದರೆ ಒಳಗೆ 4 ಕೆಂಪು, 3 ನೀಲಿ ಇರುತ್ತವೆ. ಆ ಕಡೆಯ ಕವಲುಗಳು 4/7 ಮತ್ತು 3/7. ಮೊದಲು ನೀಲಿ ಬಂದಿದ್ದರೆ ಒಳಗೆ 5 ಕೆಂಪು, 2 ನೀಲಿ. ಅಲ್ಲಿ 5/7 ಮತ್ತು 2/7.

ಇಲ್ಲಿ ಒಂದು ಕ್ಷಣ ನಿಲ್ಲಿ. ಎರಡನೇ ಹಂತದ ಕವಲಿನ ಮೇಲೆ ಬರೆದ ಸಂಖ್ಯೆ, ‘ಮೊದಲನೆಯದು ಹೀಗೆ ಆಗಿಬಿಟ್ಟಿದೆ’ ಎಂದು ಇಟ್ಟುಕೊಂಡು ಬರೆದ ಸಂಖ್ಯೆ. ಮೇಲಿನ 4/7ಕ್ಕೂ ಕೆಳಗಿನ 5/7ಕ್ಕೂ ವ್ಯತ್ಯಾಸ ಇರುವುದು ಅದಕ್ಕೇ. ಚೆಂಡನ್ನು ವಾಪಸ್ ಹಾಕಿದ್ದರೆ ಎರಡೂ ಕಡೆ ಮತ್ತೆ 5/8, 3/8 ಎಂದೇ ಬರುತ್ತಿತ್ತು. ಪ್ರಶ್ನೆಯಲ್ಲಿ ‘ವಾಪಸ್ ಹಾಕದೆ’ ಎನ್ನುವ ಮಾತು ಕಂಡ ಕೂಡಲೇ ಅಡಿಗೆರೆ ಎಳೆದುಬಿಡಿ. ‘ಎರಡು ಚೆಂಡನ್ನು ಒಟ್ಟಿಗೆ ತೆಗೆದರು’ ಅಂದರೂ ವಾಪಸ್ ಹಾಕದೆ ಒಂದಾದ ಮೇಲೆ ಒಂದು ತೆಗೆದಂತೆಯೇ ಲೆಕ್ಕ.

ಈಗ ಗುಣಾಕಾರ. ಯಾಕೆ ಗುಣಿಸಬೇಕು ಎನ್ನುವುದು ಒಮ್ಮೆ ಕಣ್ಣಿಗೆ ಕಂಡರೆ ಆಮೇಲೆ ಮರೆಯುವುದಿಲ್ಲ. ಇದೇ ಆಟವನ್ನು 56 ಸಲ ಆಡಿದಿರಿ ಅಂದುಕೊಳ್ಳಿ. ಎಲ್ಲವೂ ಸಂಭವನೀಯತೆ ಹೇಳಿದಷ್ಟೇ ಪಾಲಿನಲ್ಲಿ ಬಂತು ಅಂತಲೂ ಇಟ್ಟುಕೊಳ್ಳಿ. 56ರಲ್ಲಿ 5/8 ಭಾಗ, ಅಂದರೆ 35 ಸಲ ಮೊದಲು ಕೆಂಪು ಬರುತ್ತದೆ. ಮೇಲಿನ ಕೊಂಬೆಯಲ್ಲಿ ಮುಂದೆ ಹೋಗುವುದು ಈ 35 ಮಾತ್ರ, ಪೂರ್ತಿ 56 ಅಲ್ಲ. ಆ 35ರಲ್ಲಿ 4/7 ಭಾಗ, ಅಂದರೆ 20 ಸಲ ಎರಡನೆಯದೂ ಕೆಂಪು. ಹಾಗಾಗಿ ‘ಕೆಂಪು, ಕೆಂಪು’ ಬರುವುದು 56ರಲ್ಲಿ 20. ಈಗ ಗುಣಿಸಿ ನೋಡಿ: 5/8 × 4/7 = 20/56. ಅದೇ ಬಂತು.

ಅಂದರೆ ಗುಣಿಸುವಾಗ ನೀವು ಮಾಡುತ್ತಿರುವುದು ಒಂದು ಭಾಗದಲ್ಲಿ ಮತ್ತೊಂದು ಭಾಗ ತೆಗೆಯುವುದು. ಕೊಂಬೆಯ ಮೇಲೆ ಮುಂದೆ ಹೋದಷ್ಟೂ ಪಾಲು ಚಿಕ್ಕದಾಗುತ್ತಾ ಹೋಗಬೇಕು, ಜಾಸ್ತಿ ಆಗುವುದಕ್ಕೆ ಸಾಧ್ಯವೇ ಇಲ್ಲ. ಅದೇ ಕೊಂಬೆಯಲ್ಲಿ ಯಾರಾದರೂ ಕೂಡಿದರೆ 5/8 + 4/7 = 67/56 ಬರುತ್ತದೆ. 1ಕ್ಕಿಂತ ಜಾಸ್ತಿ! ಇಂಥ ಉತ್ತರ ಬಂದರೆ ಆ ಸಾಲನ್ನು ಅಲ್ಲೇ ಹೊಡೆದುಹಾಕಿ.

ನಾಲ್ಕೂ ತುದಿಗಳನ್ನು ಬರೆದುಕೊಳ್ಳೋಣ:

ಕೆಂಪು, ಕೆಂಪು: 5/8 × 4/7 = 20/56
ಕೆಂಪು, ನೀಲಿ: 5/8 × 3/7 = 15/56
ನೀಲಿ, ಕೆಂಪು: 3/8 × 5/7 = 15/56
ನೀಲಿ, ನೀಲಿ: 3/8 × 2/7 = 6/56

20/56 ಅನ್ನು 5/14 ಎಂದು ಚಿಕ್ಕದು ಮಾಡುವ ಆಸೆ ಬರುತ್ತದೆ. ದಯವಿಟ್ಟು ಈಗಲೇ ಬೇಡ. ಎಲ್ಲದಕ್ಕೂ 56 ಛೇದ ಇದ್ದರೆ ಮುಂದೆ ಕೂಡುವುದು ಒಂದೇ ಸೆಕೆಂಡಿನ ಕೆಲಸ. ಚಿಕ್ಕದು ಮಾಡುವುದೆಲ್ಲ ಕೊನೆಯ ಸಾಲಿನಲ್ಲಿ ಇರಲಿ. ಇನ್ನೊಂದು ಲಾಭವೂ ಇದೆ. ಅಂಶಗಳನ್ನು ಕೂಡಿ: 20 + 15 + 15 + 6 = 56. ಒಟ್ಟು 56/56, ಅಂದರೆ 1. ಮರ ಸರಿಯಾಗಿದೆಯೋ ಇಲ್ಲವೋ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಮೊತ್ತ 1 ಬರದಿದ್ದರೆ ಎಲ್ಲೋ ಒಂದು ಕವಲಿನಲ್ಲಿ ಸಂಖ್ಯೆ ತಪ್ಪಿದೆ, ಅಥವಾ ಗುಣಾಕಾರ ಕೈಕೊಟ್ಟಿದೆ. ಒಂದೇ ಜಾಗದಿಂದ ಹೊರಟ ಕವಲುಗಳನ್ನು ಕೂಡಿ ನೋಡಿ, ಪ್ರತಿ ಜಾಗದಲ್ಲೂ 1 ಬರಬೇಕು. ಬರದೇ ಇರುವ ಜಾಗದಲ್ಲೇ ತಪ್ಪು ಸಿಗುತ್ತದೆ.

ಆದರೆ ಈ ಪರೀಕ್ಷೆ ಹಿಡಿಯದ ತಪ್ಪು ಒಂದಿದೆ. ಚೆಂಡು ವಾಪಸ್ ಹಾಕಿಲ್ಲ ಎನ್ನುವುದನ್ನು ಮರೆತು ಎರಡನೇ ಹಂತದಲ್ಲೂ 5/8, 3/8 ಬರೆದರೂ ಮೊತ್ತ 1 ಬಂದೇ ಬರುತ್ತದೆ. ಅದಕ್ಕೇ ಆ ಅಡಿಗೆರೆ ಬೇಕು ಅಂದಿದ್ದು.

ಇನ್ನು ಕೂಡುವುದು. ಪ್ರತಿ ತುದಿಯೂ ಆಟ ಮುಗಿಯುವ ಒಂದೊಂದು ರೀತಿ. ಒಂದು ಸಲ ಆಡಿದರೆ ನೀವು ಯಾವುದೋ ಒಂದು ತುದಿಯಲ್ಲಿ ಮಾತ್ರ ಇರುತ್ತೀರಿ, ಎರಡರಲ್ಲಿ ಇರುವುದಕ್ಕೆ ಆಗುವುದಿಲ್ಲ. ಹಾಗಾಗಿ ಪ್ರಶ್ನೆಗೆ ಒಪ್ಪುವ ತುದಿಗಳು ಎರಡೋ ಮೂರೋ ಇದ್ದರೆ ಅವುಗಳನ್ನು ಹಾಗೇ ಕೂಡಬಹುದು. ಯಾವುದೂ ಎರಡು ಸಲ ಎಣಿಕೆಗೆ ಬರುವುದಿಲ್ಲ.

ಪರೀಕ್ಷೆಯಲ್ಲಿ ಹೀಗೆ ಮಾಡಿ. ಪ್ರಶ್ನೆ ಓದಿದ ಮೇಲೆ ಸಂಖ್ಯೆಗೆ ಕೈ ಹಾಕಬೇಡಿ. ಮೊದಲು ನಾಲ್ಕು ತುದಿಗಳನ್ನೂ ಒಂದೊಂದಾಗಿ ನೋಡಿ, ‘ಇದು ನಡೆಯುತ್ತಾ?’ ಎಂದು ಕೇಳಿಕೊಂಡು ಟಿಕ್ ಹಾಕಿ. ‘ಸರಿಯಾಗಿ ಒಂದು ಕೆಂಪು’ ಎಂದು ಕೇಳಿದ್ದಾರೆ ಅಂದುಕೊಳ್ಳಿ. ಟಿಕ್ ಬೀಳುವುದು ನಡುವಿನ ಎರಡು ತುದಿಗೆ. 15/56 + 15/56 = 30/56, ಚಿಕ್ಕದು ಮಾಡಿದರೆ 15/28. ಇಲ್ಲಿ ಬಹಳ ಜನ ‘ಕೆಂಪು, ನೀಲಿ’ ಒಂದನ್ನೇ ಬರೆದು 15/56 ಎಂದು ನಿಲ್ಲಿಸುತ್ತಾರೆ, ಮೊದಲು ನೀಲಿ ಬರಬಹುದು ಎನ್ನುವುದು ಬಿಟ್ಟೇ ಹೋಗುತ್ತದೆ. ಟಿಕ್ ಹಾಕುವ ಅಭ್ಯಾಸ ಇದ್ದರೆ ಅದು ತಪ್ಪಿಹೋಗಲ್ಲ. ‘ಎರಡೂ ಒಂದೇ ಬಣ್ಣ’ ಅಂದರೆ ಮೊದಲನೆಯದು ಮತ್ತು ಕೊನೆಯದು, 26/56.

ಈಗ ನಿಮಗೆ ಕಾಟ ಕೊಡುತ್ತಿರುವ ‘ಕನಿಷ್ಠ ಒಂದು’. ‘ಕನಿಷ್ಠ ಒಂದು ನೀಲಿ’ ಎಂದರೆ ಒಂದು ನೀಲಿ ಆದರೂ ಸರಿ, ಎರಡು ಆದರೂ ಸರಿ. ಟಿಕ್ ಹಾಕಿ. ಮೂರು ತುದಿ ಸಿಗುತ್ತವೆ: 15 + 15 + 6 = 36, ಉತ್ತರ 36/56. ಟಿಕ್ ಬೀಳದೆ ಉಳಿದದ್ದು ‘ಕೆಂಪು, ಕೆಂಪು’ ಒಂದೇ. ಹಾಗಾಗಿ 1 − 20/56 ಎಂದರೂ ಅದೇ 36/56. ಎರಡೇ ಚೆಂಡಾದರೆ ಯಾವ ದಾರಿಯಾದರೂ ಸರಿ. ಮೂರು ಚೆಂಡು ತೆಗೆದರೆ ಮಾತ್ರ ಕಳೆಯುವ ದಾರಿಯ ಬೆಲೆ ಗೊತ್ತಾಗುತ್ತದೆ. ಆಗ ಮರಕ್ಕೆ 8 ತುದಿ. ‘ಕನಿಷ್ಠ ಒಂದು ಕೆಂಪು’ ಎಂದು ಕೇಳಿದರೆ 7 ತುದಿ ಕೂಡಬೇಕು. ಅದರ ಬದಲು ಮೂರೂ ನೀಲಿ ಆಗುವ ಒಂದೇ ತುದಿ ಸಾಕು: 3/8 × 2/7 × 1/6 = 6/336 = 1/56. ಉತ್ತರ 1 − 1/56, ಅಂದರೆ 55/56. ಇಷ್ಟಕ್ಕೆ ಪೂರ್ತಿ ಮರ ಬಿಡಿಸುವುದೂ ಬೇಡ, ಆ ಒಂದು ಕೊಂಬೆ ಬಿಡಿಸಿದರೆ ಆಯಿತು.

ಇಲ್ಲೇ ಒಂದು ಮೋಸದ ತಪ್ಪು ಇದೆ, ಸ್ವಲ್ಪ ನಿಧಾನವಾಗಿ ನೋಡಿ. ‘ಕನಿಷ್ಠ ಒಂದು ನೀಲಿ’ ಅಂದಾಗ ಕೆಲವರು ಹೀಗೆ ಯೋಚಿಸುತ್ತಾರೆ: ಮೊದಲನೆಯದು ನೀಲಿ ಆಗುವುದು 21/56 (3/8 ಅಂದರೆ ಅಷ್ಟೇ). ಎರಡನೆಯದು ನೀಲಿ ಆಗುವುದು 15/56 + 6/56, ಅದೂ 21/56. ಇವೆರಡನ್ನೂ ಕೂಡಿದರೆ 42/56. ಈ ಉತ್ತರ 1ಕ್ಕಿಂತ ಕಡಿಮೆ ಇದೆ, ನೋಡುವುದಕ್ಕೆ ಸರಿಯಾಗೇ ಕಾಣುತ್ತದೆ, ಆದರೆ ತಪ್ಪು. ಸರಿಯುತ್ತರಕ್ಕಿಂತ ಎಷ್ಟು ಜಾಸ್ತಿ ಬಂದಿದೆ? 42 − 36 = 6. ಆ 6 ಯಾವುದು ಗೊತ್ತಾಯಿತಲ್ವಾ? ‘ನೀಲಿ, ನೀಲಿ’ ತುದಿ. ಅದರಲ್ಲಿ ಮೊದಲನೆಯದೂ ನೀಲಿ, ಎರಡನೆಯದೂ ನೀಲಿ. ಹಾಗಾಗಿ ಎರಡು ಸಲ ಎಣಿಕೆಗೆ ಬಂದುಬಿಟ್ಟಿತು. ಕೂಡುವುದಾದರೆ ತುದಿಗಳನ್ನು ಮಾತ್ರ ಕೂಡಿ, ಒಂದೊಂದು ತುದಿಯನ್ನು ಒಂದೇ ಸಲ.

ಗುಣಿಸಿ ಕೂಡಿದ ಮೇಲೂ ಮುಗಿಯದ ಪ್ರಶ್ನೆ ಒಂದು ಬಗೆಯದಿದೆ: ‘ಎರಡನೇ ಚೆಂಡು ಕೆಂಪು ಎಂದು ಗೊತ್ತಾಗಿದೆ. ಹಾಗಾದರೆ ಮೊದಲನೆಯದು ನೀಲಿ ಆಗಿದ್ದ ಸಂಭವನೀಯತೆ ಎಷ್ಟು?’ ಇದರ ಉತ್ತರ ಮರದ ಯಾವ ತುದಿಯಲ್ಲೂ ನೇರವಾಗಿ ಇರುವುದಿಲ್ಲ. ಎರಡನೆಯದು ಕೆಂಪು ಎಂದು ಗೊತ್ತಾದ ಮೇಲೆ ಉಳಿಯುವುದು ಎರಡೇ ತುದಿ, 20/56 ಮತ್ತು 15/56. ಮತ್ತೆ ಆ 56 ಸಲದ ಆಟ ನೆನಪಿಸಿಕೊಳ್ಳಿ. ಎರಡನೆಯದು ಕೆಂಪು ಬಂದದ್ದು 35 ಸಲ. ಅದರಲ್ಲಿ ಮೊದಲು ನೀಲಿ ಇದ್ದದ್ದು 15 ಸಲ. ಉತ್ತರ 15/35, ಅಂದರೆ 3/7. ಇಲ್ಲಿ 15/56 ಎಂದು ಬರೆದರೆ ತಪ್ಪು, ಯಾಕೆಂದರೆ ಉಳಿದ 21 ಸಲ ನಡೆದೇ ಇಲ್ಲ ಎಂದು ಪ್ರಶ್ನೆಯೇ ಹೇಳಿಬಿಟ್ಟಿದೆ.

ಕೊನೆಗೆ ಒಂದು ನಿಜವಾದ ಪರೀಕ್ಷೆಯ ಲೆಕ್ಕ. 2015ರಲ್ಲಿ ಬ್ರಿಟನ್ನಿನಲ್ಲಿ ಹದಿನಾರರ ಆಸುಪಾಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಗಣಿತ ಪತ್ರಿಕೆಯಲ್ಲಿ ಬಂದ ಪ್ರಶ್ನೆ ಇದು, ಮಕ್ಕಳು ಕಂಗಾಲಾಗಿ ಅದು ಸುದ್ದಿಯೂ ಆಯಿತು. ಹ್ಯಾನಾ ಎಂಬ ಹುಡುಗಿಯ ಚೀಲದಲ್ಲಿ n ಮಿಠಾಯಿಗಳಿವೆ, ಅವುಗಳಲ್ಲಿ 6 ಕಿತ್ತಳೆ ಬಣ್ಣದವು. ನೋಡದೆ ಒಂದು ತೆಗೆದು ತಿನ್ನುತ್ತಾಳೆ, ಮತ್ತೊಂದು ತೆಗೆದು ತಿನ್ನುತ್ತಾಳೆ. ಎರಡೂ ಕಿತ್ತಳೆ ಆಗುವ ಸಂಭವನೀಯತೆ 1/3. ಇದರಿಂದ n² − n − 90 = 0 ಎಂದು ತೋರಿಸಿ ಎಂದು ಕೇಳಿದ್ದರು.

ವರ್ಗ ಸಮೀಕರಣ ಕಂಡು ಗಾಬರಿ ಆಗುವುದು ಸಹಜ. ಆದರೆ ಬೇಕಾಗಿರುವುದು ಒಂದೇ ಕೊಂಬೆ. ತಿಂದ ಮೇಲೆ ವಾಪಸ್ ಹಾಕುವ ಮಾತೇ ಇಲ್ಲ, ಹಾಗಾಗಿ ಮೊದಲ ಸಲ 6/n, ಎರಡನೇ ಸಲ 5/(n − 1). ಕೊಂಬೆಯ ಮೇಲಿನ ಎರಡನ್ನೂ ಗುಣಿಸಿ, 1/3ಕ್ಕೆ ಸಮ ಎಂದು ಬರೆಯಿರಿ: 30 / (n(n − 1)) = 1/3. ಅಡ್ಡ ಗುಣಿಸಿದರೆ n(n − 1) = 90, ಅಂದರೆ n² − n − 90 = 0. ಮುಂದೆ ಬಿಡಿಸಿದರೆ (n − 10)(n + 9) = 0. ಮಿಠಾಯಿಯ ಸಂಖ್ಯೆ −9 ಇರುವಂತಿಲ್ಲ, ಹಾಗಾಗಿ n = 10. ತಾಳೆ ನೋಡಿ: 6/10 × 5/9 = 30/90 = 1/3.