ಅರಬ್ಬಿ ಆರೈಕೆ ಕಾರ್ಡ್: ಮರಳಿ ಅನುವಾದಿಸಿದಾಗ ಎಲ್ಲವೂ ಸರಿಯಾಗಿ ಬಂತು ಎಂದರೆ ಸಾಕೇ?

“ಹಿಪಿಯಾಸ್ಟ್ರಮ್ ಗಡ್ಡೆಗಳ ಜೊತೆ ಹಾಕಲು ಒಂದು ಆರೈಕೆ ಕಾರ್ಡ್ ಇದೆ. ಚಿತ್ರದಲ್ಲಿದ್ದ ಇಂಗ್ಲಿಷನ್ನು ಆ್ಯಪ್‌ನಲ್ಲಿ ತೆಗೆದು ಅರಬ್ಬಿ ಮಾಡಿಸಿ, ಚಿತ್ರದ ಮೇಲೆ ಕೂರಿಸಿದ್ದೇನೆ. ಅದೇ ಆ್ಯಪ್‌ನಲ್ಲಿ ಮತ್ತೆ ಇಂಗ್ಲಿಷಿಗೆ ತಂದರೆ ಹೆಚ್ಚುಕಡಿಮೆ ಅಕ್ಷರಶಃ ಮೂಲವೇ ಬಂತು. ನನಗೆ ಅರಬ್ಬಿ ಬಾರದು. ಕಳುಹಿಸಬಹುದೇ?”

ಇನ್ನೂ ಕಳುಹಿಸಬೇಡಿ. ಮರಳಿ ಅನುವಾದಿಸಲು ನೀವು ಕೊಟ್ಟದ್ದು ಯಾವುದು? ಆ್ಯಪ್‌ನಿಂದ ನಕಲಿಸಿಕೊಂಡ ಪಠ್ಯವೋ, ಸಿದ್ಧವಾದ ಚಿತ್ರವೋ? ಪಠ್ಯವನ್ನು ಕೊಟ್ಟಿದ್ದರೆ ನೀವು ಪರೀಕ್ಷಿಸಿದ್ದು ಕಾರ್ಡನ್ನಲ್ಲ. ಫಲಿತಾಂಶವನ್ನು ಹೋಲಿಸಿದ್ದು ಯಾವುದಕ್ಕೆ ಎಂಬುದೂ ಅಷ್ಟೇ ಮುಖ್ಯ.

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕಾರ್ಡಿನಲ್ಲಿ ‘2 ವಾರಕ್ಕೊಮ್ಮೆ ದ್ರವ ಗೊಬ್ಬರ’ ಎಂದಿತ್ತು. ಆ ಪುಟ್ಟ 2 ಎಲೆಯ ಚಿತ್ರದ ಮೇಲೆ ಬಿದ್ದಿದ್ದರಿಂದ ಚಿತ್ರದಿಂದ ಅಕ್ಷರ ತೆಗೆಯುವಾಗ ಉದುರಿಹೋಯಿತು. ಅರಬ್ಬಿಯಲ್ಲಿ ‘ವಾರಕ್ಕೊಮ್ಮೆ’ ಆಯಿತು, ಮರಳಿ ತಂದಾಗಲೂ ‘ವಾರಕ್ಕೊಮ್ಮೆ’ ಎಂದೇ ಬಂತು. ನಾನು ಅದನ್ನು ಚಿತ್ರದಿಂದ ತೆಗೆದ ಪಠ್ಯಕ್ಕೆ ಹೋಲಿಸಿ ನೆಮ್ಮದಿಯಾಗಿದ್ದೆ. ಅರಬ್ಬಿಯಲ್ಲಿ ‘ಎರಡು’ ಎಂದು ಬೇರೆ ಪದ ಬೇಕಾಗುವುದಿಲ್ಲ, ವಾರ ಎಂಬ ಪದಕ್ಕೇ ದ್ವಿವಚನದ ಬಾಲ ಸೇರುತ್ತದೆ:

```
كل أسبوع
كل أسبوعين
```

ಮೊದಲನೆಯದು ಪ್ರತಿ ವಾರ, ಎರಡನೆಯದು ಎರಡು ವಾರಕ್ಕೊಮ್ಮೆ. ಎಡ ತುದಿಯ ಎರಡಕ್ಷರವೇ ವ್ಯತ್ಯಾಸ. ಸಾಲಿನಲ್ಲಿ 2 ಎಂಬ ಅಂಕಿಯನ್ನೇ ಹುಡುಕುವವರಿಗೆ ಇದು ಸಿಗುವುದಿಲ್ಲ. ಹಾಗಾಗಿ ಮೂಲ ಚಿತ್ರವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಹೋಲಿಸಿ.

ಇನ್ನು ಚಿತ್ರದ ಮೇಲೆ ಕೂರಿಸಿದ ಅರಬ್ಬಿ. ಕೆಲವು ಚಿತ್ರ ತಂತ್ರಾಂಶಗಳು ಬಲದಿಂದ ಎಡಕ್ಕೆ ಬರೆಯಲಾರವು. ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿ, ಅದೂ ತಿರುವುಮುರುವಾಗಿ ನಿಲ್ಲುತ್ತವೆ. ಭಾಷೆ ಬಾರದಿದ್ದರೂ ಇದನ್ನು ಕಂಡುಹಿಡಿಯಬಹುದು. ಅದೇ ಸಾಲನ್ನು ಮೊಬೈಲಿನ ಸಂದೇಶದಲ್ಲಿ ಅಂಟಿಸಿ ಚಿತ್ರದ ಪಕ್ಕದಲ್ಲಿಟ್ಟು ನೋಡಿ, ಆಕಾರಗಳ ಜೋಡಣೆ ಹೊಂದಬೇಕು. ಈ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಇಡೀ ಸಾಲನ್ನು ಹಿಂದುಮುಂದಾಗಿ ತಿರುಗಿಸುವ ಉಪಾಯ ಹೇಳಿದ್ದಾರೆ. ಅಕ್ಷರಗಳ ದಿಕ್ಕು ಅದರಿಂದ ಸರಿಹೋಗಬಹುದು, ಆದರೆ ಅರಬ್ಬಿಯಲ್ಲೂ ಅಂಕಿಗಳು ಎಡದಿಂದ ಬಲಕ್ಕೇ ಸಾಗುತ್ತವೆ. 15 ಸೆಂ.ಮೀ. ಕುಂಡ ಎಂಬುದು 51 ಆಗಿ ಕೂರುತ್ತದೆ! ಅರಬ್ಬರ ಹಲವು ನಾಡುಗಳಲ್ಲಿ ಬಳಸುವ ಅಂಕಿಗಳಲ್ಲಿ ಐದು ದುಂಡಗೆ ಸೊನ್ನೆಯಂತೆ (٥), ಸೊನ್ನೆ ಬರಿಯ ಚುಕ್ಕೆ (٠) ಎಂಬುದನ್ನೂ ನೆನಪಿಡಿ, ಇಲ್ಲವಾದರೆ ಸರಿಯಾದ ಕಾರ್ಡನ್ನೇ ತಪ್ಪೆಂದುಕೊಂಡೀರಿ. ಆ ಅಂಕಿ ಬಳಸಬೇಕೋ, ನಮ್ಮ 1, 2, 3 ಸಾಕೋ ಎಂಬುದು ಪಡೆಯುವವರು ಎಲ್ಲಿಯವರು ಎಂಬುದರ ಮೇಲೆ ನಿಂತಿದೆ. ಮೊರಾಕೊ, ಅಲ್ಜೀರಿಯ ಕಡೆ 1, 2, 3 ರೂಢಿ. ನಿಮ್ಮ ಕಾರ್ಡ್ ಯಾವ ದೇಶಕ್ಕೆ ಹೋಗುತ್ತದೆ ಎಂದು ನೀವು ಹೇಳಿಲ್ಲ.

ಅಕ್ಷರಶಃ ಮೂಲವೇ ಬಂತು ಎಂದಿರಲ್ಲ, ನನಗೆ ಹೆಚ್ಚು ಅನುಮಾನ ಅಲ್ಲಿ. ಕಾರ್ಡಿನಲ್ಲಿ ‘ಸ್ಪ್ರಿಂಗ್’ ಎಂಬ ಒಂಟಿ ಶೀರ್ಷಿಕೆ ಇರಬೇಕು, ಅಂದರೆ ವಸಂತ. ಅರಬ್ಬಿಯಲ್ಲಿ ಋತುವಿಗೆ ರಬೀಅ್, ನೀರಿನ ಬುಗ್ಗೆಗೆ ನಬ್ಅ್, ಲೋಹದ ಸುರುಳಿಗೆ ಝಂಬರಕ್. ಮೂರರಲ್ಲಿ ಯಾವುದು ಬಿದ್ದಿದ್ದರೂ ಇಂಗ್ಲಿಷಿಗೆ ಮರಳುವಾಗ ‘ಸ್ಪ್ರಿಂಗ್’ ಎಂದೇ ಬರುತ್ತದೆ, ತಪ್ಪು ಅಡಗಿಕೊಳ್ಳುತ್ತದೆ. ಇಂಗ್ಲಿಷಿನ ಬದಲು ಕನ್ನಡಕ್ಕೆ ತಂದು ನೋಡಿ ಎಂದು ಇನ್ನೊಬ್ಬರು ಉತ್ತರದಲ್ಲಿ ಹೇಳಿದ್ದು ಅರ್ಧ ಸರಿ: ಮನುಷ್ಯರು ಮಾಡಿದರೆ ಸಿಕ್ಕಿಬೀಳುತ್ತದೆ, ಆದರೆ ಕೆಲವು ಆ್ಯಪ್‌ಗಳು ಒಳಗೊಳಗೇ ಇಂಗ್ಲಿಷನ್ನು ಹಾದು ಬರುತ್ತವೆ. ನಾನು ಮಾಡುವುದು ಇಷ್ಟೇ: ಒಂಟಿ ಪದಗಳನ್ನು ಅರಬ್ಬಿಯಲ್ಲೇ ಚಿತ್ರ ಹುಡುಕಾಟಕ್ಕೆ ಹಾಕುತ್ತೇನೆ. ಹೂವು, ಹಸಿರು ಬಂದರೆ ಋತು. ಕಬ್ಬಿಣದ ಸುರುಳಿಗಳು ಬಂದರೆ ಉತ್ತರ ಸಿಕ್ಕಂತೆ. ‘ಡೇಟ್’ ಎಂಬ ಪದವನ್ನೂ ಹೀಗೇ ನೋಡಿ, ದಿನಾಂಕದ ಜಾಗದಲ್ಲಿ ಖರ್ಜೂರ ಕೂತಿರಬಹುದು.

ಚಿತ್ರದಲ್ಲಿ ಎರಡು ಸಾಲಾಗಿ ಒಡೆದ ವಾಕ್ಯಗಳನ್ನು ಅನುವಾದಕ್ಕೆ ಮೊದಲೇ ಕೂಡಿಸಿ. ‘ಹಸಿರೆಲೆ ಕತ್ತರಿಸಬೇಡಿ’ ಎಂಬುದರ ‘ಬೇಡಿ’ ಬೇರೆ ಸಾಲಿಗೆ ಸೇರಿದರೆ ಮುಂದಿನ ವರ್ಷದ ಹೂವೇ ಹೋಯಿತು.

ಕಡೆಗೆ, ಸಿದ್ಧ ಚಿತ್ರವನ್ನು ಮಾತ್ರ, ಮೂಲ ಕಾರ್ಡ್ ತೋರಿಸದೆ, ಅರಬ್ಬಿ ಓದುವ ಯಾರಿಗಾದರೂ ಕೊಟ್ಟು “ಇದರಲ್ಲಿ ಏನು ಮಾಡಲು ಹೇಳಿದೆ?” ಎಂದು ಕೇಳಿ. ಮೂಲ ಕಂಡವರು ತಪ್ಪನ್ನೂ ಸರಿಯಾಗಿ ಓದಿಬಿಡುತ್ತಾರೆ. ಅವರು ‘ಗೊಬ್ಬರ’ದ ಬದಲು ‘ಪೋಷಕಾಂಶ’ ಎಂದರೆ ತಲೆಕೆಡಿಸಿಕೊಳ್ಳಬೇಡಿ, ಎಷ್ಟು ದಿನಕ್ಕೊಮ್ಮೆ, ಎಷ್ಟು ಆಳ, ಮಾಡಬೇಕೋ ಬೇಡವೋ ಎಂಬುದಷ್ಟೇ ಹೊಂದಲಿ. ಅರಬ್ಬಿ ಸಹಜವಾಗಿದೆಯೇ ಎಂಬುದು ಮರಳಿ ಅನುವಾದಿಸುವುದರಿಂದ ತಿಳಿಯುವುದಿಲ್ಲ, ಅದನ್ನೂ ಅವರನ್ನೇ ಕೇಳಬೇಕು.

ಅಕ್ಷರಗಳ ಬದಲು ಚೌಕಗಳು ಕಾಣುತ್ತಿವೆ ಎಂದವರಿಗೆ: ನಿಮ್ಮದು ಫಾಂಟ್ ಸಮಸ್ಯೆ, ಅನುವಾದದ್ದಲ್ಲ. ಬೇರೆ ಪ್ರಶ್ನೆಯಾಗಿ ಹಾಕಿ.